ಕಿಟಕಿಯಲ್ಲಿ ದೀಪ ಹಚ್ಚುವ ಮುಂಚೆ ಆಕಾಶವನ್ನು ತೆಗೆಯಿರಿ

ನನ್ನ ಕೆಲಸ ಮನೆಗಳ ಫೋಟೋ ತಿದ್ದುವುದು. ಮಾರಾಟಕ್ಕಿರುವ ಮನೆ, ಹೊಸದಾಗಿ ಕಟ್ಟಿದ ವಿಲ್ಲಾ, ಇಂಥವೇ ಹೆಚ್ಚು. ಎರಡು ವರ್ಷದ ಹಿಂದೆ ಮೈಸೂರಿನ ಒಂದು ಎರಡಂತಸ್ತಿನ ಮನೆಯ ಫೋಟೋ ಬಂತು. ಮುಸ್ಸಂಜೆ ಹೊತ್ತು, ಆಕಾಶ ಕಡುನೀಲಿಗೆ ತಿರುಗುತ್ತಿತ್ತು. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಮನೆಗೆ ಇನ್ನೂ ಕರೆಂಟ್ ಕನೆಕ್ಷನ್ ಬಂದಿರಲಿಲ್ಲ. ಒಳಗೆ ದೀಪ ಹತ್ತಿದ ಹಾಗೆ ಮಾಡಿಕೊಡಿ ಅಂದರು.

ಫೋಟೋಶಾಪ್‌ನಲ್ಲಿ ಕಿಟಕಿಗಳನ್ನೆಲ್ಲಾ ಸೆಲೆಕ್ಟ್ ಮಾಡಿ, ಒಂದು ಹಳದಿ ಲೇಯರ್ ಹಾಕಿ, ಮೋಡ್ Screen ಇಟ್ಟು ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು. "ಸರ್, ಕಿಟಕಿಗೆ ಹಳದಿ ಕಾಗದ ಅಂಟಿಸಿದ ಹಾಗಿದೆಯಲ್ಲ?"

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೇಲಿನ ಎಡಗಡೆ ಕಿಟಕಿಯಲ್ಲಿ ತೆಂಗಿನ ಗರಿಗಳು ಕಾಣುತ್ತಿದ್ದವು! ಎದುರು ಮನೆಯ ತೆಂಗಿನಮರದ ಪ್ರತಿಬಿಂಬ ಅದು. ಮರದ ಕಪ್ಪು ಬಿದ್ದ ಕಡೆ ಹಳದಿ ಸರಿಯಾಗಿ ಕೂತಿತ್ತು. ಆಕಾಶ ಬಿದ್ದ ಕಡೆ ಮಾತ್ರ ಗಾಜು ಬಿಳಿಚಿ, ಮಂಜು ಕವಿದ ಹಾಗಾಗಿತ್ತು.

ಕಾರಣ ಸರಳ. ಒಳಗೆ ಕತ್ತಲಿದ್ದಾಗ ಗಾಜು ಕನ್ನಡಿಯ ಹಾಗೆ ಹೊರಗಿನ ಆಕಾಶವನ್ನೇ ತೋರಿಸುತ್ತದೆ. ಒಳಗೆ ದೀಪ ಹತ್ತಿದರೂ ಪ್ರತಿಬಿಂಬ ಹೋಗುವುದಿಲ್ಲ, ಒಳಗಿನ ಬೆಳಕು ಜಾಸ್ತಿಯಾಗಿ ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ನಾನು ಆಕಾಶವನ್ನು ಹಾಗೇ ಬಿಟ್ಟು ಅದರ ಮೇಲೆ ಬೆಳಕು ಸುರಿದಿದ್ದೆ.

ಈಗ ಮೊದಲು ಗಾಜನ್ನು ಕತ್ತಲು ಮಾಡುತ್ತೇನೆ. ಗಾಜಿಗೆ ಮಾತ್ರ ಮಾಸ್ಕ್ ಇರುವ Curves ಲೇಯರ್ ಹಾಕಿ, ಆಕಾಶ ಬಿದ್ದ ಭಾಗವನ್ನು ಮರ ಬಿದ್ದ ಭಾಗದಷ್ಟೇ ಕಪ್ಪಾಗುವವರೆಗೆ ಇಳಿಸುತ್ತೇನೆ. ಗರಿಯ ಆಕಾರ ಕಣ್ಣಿಗೆ ಕಾಣದೆ ಹೋದರೆ ಸಾಕು. ಉಳಿದ ನೀಲಿಯನ್ನು ಸ್ಯಾಚುರೇಶನ್ ಕಡಿಮೆ ಮಾಡಿ ತೆಗೆಯುತ್ತೇನೆ. ಗ್ರಿಲ್ ಮತ್ತು ಚೌಕಟ್ಟಿನ ಪಟ್ಟಿಗಳನ್ನು ಪೆನ್ ಟೂಲ್‌ನಿಂದ ಒಂದೊಂದಾಗಿ ಮಾಸ್ಕ್‌ನಿಂದ ಹೊರಗಿಡಬೇಕು. ಇದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಬಿಡುವಂತಿಲ್ಲ. ಹಿಂದಿನಿಂದ ಬೆಳಕು ಬಂದಾಗ ಬಿಳಿ ಗ್ರಿಲ್ ಕೂಡ ಕಪ್ಪು ಗೆರೆಯಾಗಿ ಕಾಣುತ್ತದೆ. ಗ್ರಿಲ್ ಹಳದಿಯಾದರೆ ಮೋಸ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ ಕೋಣೆ. ರಸ್ತೆಯಲ್ಲಿ ನಿಂತವನಿಗೆ ಮೇಲಿನ ಮಹಡಿಯ ಕಿಟಕಿಯಲ್ಲಿ ಏನು ಕಾಣುತ್ತದೆ ಹೇಳಿ? ಸೀಲಿಂಗ್, ಫ್ಯಾನ್, ಪರದೆಯ ಮೇಲ್ತುದಿ. ಸೋಫಾ ಕಾಣುವುದಿಲ್ಲ, ಅಲ್ವಾ? ಹಾಗಾಗಿ ಎದುರಿನಿಂದ ತೆಗೆದ ಹಾಲ್‌ನ ಫೋಟೋವನ್ನು ಮಹಡಿ ಕಿಟಕಿಗೆ ಅಂಟಿಸಿದರೆ ಮನೆಯೇ ವಾಲಿದ ಹಾಗೆ ಕಾಣುತ್ತದೆ. ಇದಕ್ಕಾಗಿ ಸಂಜೆ ಹೊತ್ತು ನಮ್ಮ ಮನೆಯನ್ನೇ ಕೆಳಗಿನಿಂದ ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ಅದರಿಂದ ಸೀಲಿಂಗ್ ಮತ್ತು ಪರದೆಯನ್ನು ತೆಗೆದು ಗಾಜಿನ ಹಿಂದೆ ಮಸುಕಾಗಿ ಕೂರಿಸುತ್ತೇನೆ.

ಬಣ್ಣ ಕೊನೆಗೆ. ಕಿಟಕಿ ತುಂಬ ಒಂದೇ ಹಳದಿ ಬೇಡ. ದೀಪದ ಹತ್ತಿರ ತಿಳಿಹಳದಿ, ಬಹುತೇಕ ಬಿಳಿ. ದೂರ ಹೋದಂತೆ ಕಿತ್ತಳೆಗೆ ತಿರುಗಿ ಕಪ್ಪಾಗಬೇಕು. ದೀಪ ಸೀಲಿಂಗ್‌ನಲ್ಲಿದ್ದರೆ ಮೇಲೆ ಪ್ರಕಾಶ, ಕೆಳಗೆ ಮಬ್ಬು. ವಾರ್ಮ್ ವೈಟ್ ಬಲ್ಬ್ ಸುಮಾರು 2700 ರಿಂದ 3000 ಕೆಲ್ವಿನ್ ಇರುತ್ತದೆ. ಸಂಜೆಯ ನೀಲಿಯ ಪಕ್ಕದಲ್ಲಿ ಅದು ಇನ್ನೂ ಕೆಂಪಗೆ ಕಾಣುವುದರಿಂದ ಕೈ ಸ್ವಲ್ಪ ಹಿಡಿದೇ ಹಾಕಬೇಕು. ಎಲ್ಲ ಕಿಟಕಿಗೂ ಒಂದೇ ಪ್ರಮಾಣವೂ ಬೇಡ. ಆ ಮನೆಯಲ್ಲಿ ಹಾಲ್ ಅನ್ನು ಜಾಸ್ತಿ ಬೆಳಗಿಸಿದೆ, ಒಂದು ಮಲಗುವ ಕೋಣೆಯನ್ನು ಅರ್ಧಕ್ಕಿಳಿಸಿದೆ, ಮೆಟ್ಟಿಲ ಹತ್ತಿರದ ಸಣ್ಣ ಕಿಟಕಿಯನ್ನು ಕತ್ತಲಾಗಿಯೇ ಬಿಟ್ಟೆ.

ಇಷ್ಟಾದರೂ ಏನೋ ಕೊರತೆ ಅನಿಸಿತು. ಬೆಳಕು ಗಾಜಿನಲ್ಲೇ ನಿಂತುಬಿಟ್ಟಿತ್ತು. ನಿಜವಾದ ದೀಪ ಸಜ್ಜಾದ ಅಡಿಭಾಗಕ್ಕೆ, ಕಿಟಕಿಯ ಒಳಬದಿಯ ಗೋಡೆಗೆ, ಕೆಳಮಹಡಿಯಾದರೆ ಅಂಗಳದ ಟೈಲ್ಸ್‌ಗೂ ಚೆಲ್ಲುತ್ತದೆ. ಮೆತ್ತನೆಯ ಬ್ರಷ್, ಹತ್ತು ಪರ್ಸೆಂಟ್ ಓಪಾಸಿಟಿ, ಅದೇ ಕಿತ್ತಳೆ. ಸಜ್ಜಾದ ಅಡಿಗೆ ಎರಡು ಸಲ ಎಳೆದೆ, ಅಷ್ಟೇ. ಕಿಟಕಿ ಗೋಡೆಗೆ ಸೇರಿಕೊಂಡಿತು.

ಕಳಿಸುವ ಮುಂಚೆ ಚಿತ್ರವನ್ನು ಬೆರಳಗಲಕ್ಕೆ ಚಿಕ್ಕದು ಮಾಡಿ ನೋಡುತ್ತೇನೆ. ಮನೆಗಿಂತ ಮೊದಲು ಕಿಟಕಿಗಳೇ ಚುಕ್ಕೆಗಳಾಗಿ ಎದ್ದು ಕಂಡರೆ ಬೆಳಕು ಹೆಚ್ಚಾಯಿತು ಅಂತ. ಇನ್ನೊಂದು ಮಾತು, ಆಕಾಶ ಇನ್ನೂ ಬೆಳ್ಳಗಿರುವ ಫೋಟೋದಲ್ಲಿ ಈ ಕೆಲಸ ಆಗುವುದಿಲ್ಲ. ಗೋಡೆಯೇ ಅಷ್ಟು ಪ್ರಕಾಶವಾಗಿದ್ದಾಗ ಮನೆ ದೀಪ ಯಾರಿಗೂ ಕಾಣದು. ಮೊದಲು ಇಡೀ ಚಿತ್ರವನ್ನು ಸಂಜೆಗೆ ಇಳಿಸಬೇಕು.

ಕರೆಂಟ್ ಇರುವ ಮನೆಯಾದರೆ ಫೋಟೋ ತೆಗೆಯುವ ಹುಡುಗನಿಗೆ ಮೊದಲೇ ಹೇಳಿಬಿಡುತ್ತೇನೆ. ಟ್ರೈಪಾಡ್ ಅಲುಗಿಸದೆ, ಆಕಾಶ ಪೂರ್ತಿ ಕಪ್ಪಾದ ಮೇಲೆ, ದೀಪಗಳನ್ನೆಲ್ಲಾ ಹಾಕಿ ಇನ್ನೊಂದು ಫ್ರೇಮ್ ತೆಗೆದಿಡು ಅಂತ. ಆ ಫ್ರೇಮನ್ನು ಮೇಲಿಟ್ಟು ಮೋಡ್ Lighten ಮಾಡಿದರೆ ಸೀಲಿಂಗ್, ಪರದೆ, ಸಜ್ಜಾದ ಮೇಲಿನ ಬೆಳಕು ಎಲ್ಲವೂ ತಾನಾಗಿಯೇ ಬರುತ್ತದೆ.