ತೂಬಿನ ಮಗ್ಗುಲು, ಬಾಲದ ಮಗ್ಗುಲು

ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆಯಲ್ಲಿ ಭತ್ತಕ್ಕೆ ಸಾರಜನಕದ ಪ್ರಯೋಗ ಹಾಕುವ ದಿನ. ಹಗ್ಗ, ಗೂಟ ಹಿಡಿಯುವ ಮೊದಲು ನೀರುಗಂಟಿಯನ್ನು ಕೇಳಿದೆವು. "ತೂಬಿನ ಮಗ್ಗುಲಲ್ಲಿ ಯಾವಾಗ್ಲೂ ಹಸುರು ಜಾಸ್ತಿ ಕಣಣ್ಣ, ಬಾಲದ ಕಡೆ ಬಡಕಲು" ಎಂದರು. ಇಡೀ ವಿನ್ಯಾಸ ಆ ಮಾತಿನ ಮೇಲೆ ನಿಂತಿತು.

ಹೆಕ್ಟೇರಿಗೆ 0, 50, 100, 150, 200 ಕಿಲೊ ಸಾರಜನಕ, ಒಟ್ಟು ಐದು ಪ್ರಮಾಣ, ನಾಲ್ಕು ಬ್ಲಾಕು. ಪ್ರತಿ ಬ್ಲಾಕನ್ನೂ ನೀರು ಹರಿಯುವ ದಿಕ್ಕಿಗೆ ಅಡ್ಡಲಾಗಿ ಎಳೆಯಬೇಕು. ಆಗ ಒಂದು ಬ್ಲಾಕಿನ ಐದೂ ತಾಕುಗಳ ಮಣ್ಣು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ, ವ್ಯತ್ಯಾಸವೆಲ್ಲ ಬ್ಲಾಕು ಬ್ಲಾಕುಗಳ ನಡುವೆ ಉಳಿಯುತ್ತದೆ. ಉದ್ದಕ್ಕೆ ಎಳೆದರೆ ಪ್ರತಿ ಬ್ಲಾಕಿನೊಳಗೂ ತೂಬೂ ಬಾಲವೂ ಸೇರಿಕೊಳ್ಳುತ್ತವೆ. ಯಾವ ಪ್ರಮಾಣ ಯಾವ ತಾಕಿಗೆ ಎಂಬ ಚೀಟಿಯನ್ನು ಬ್ಲಾಕು ಬ್ಲಾಕಿಗೂ ಹೊಸದಾಗಿ ಎತ್ತಬೇಕು. ಮೊದಲ ಬ್ಲಾಕಿನ ಕ್ರಮವನ್ನೇ ನಕಲು ಮಾಡುವಂತಿಲ್ಲ.

ತಾಕು 5 ಮೀಟರ್ ಉದ್ದ, 4 ಮೀಟರ್ ಅಗಲ, ಅಂದರೆ 20 ಚದರ ಮೀಟರ್. ಯೂರಿಯಾದಲ್ಲಿ ಸಾರಜನಕ ನೂರಕ್ಕೆ 46. ಹಾಗಾಗಿ 100 ಕಿಲೊ ಪ್ರಮಾಣದ ತಾಕಿಗೆ 200 ಗ್ರಾಂ ಸಾರಜನಕ, ಎಂದರೆ 435 ಗ್ರಾಂ ಯೂರಿಯಾ. ಅದನ್ನು ಕಂತುಗಳಾಗಿ ಮೊದಲೇ ತೂಗಿ, ತಾಕಿನ ಸಂಖ್ಯೆ ಬರೆದ ಪೊಟ್ಟಣ ಕಟ್ಟಿಟ್ಟರೆ ಗದ್ದೆಯಲ್ಲಿ ಗೊಂದಲವಿಲ್ಲ. ರಂಜಕ, ಪೊಟ್ಯಾಷ್ ಎಲ್ಲ ತಾಕಿಗೂ ಸಮ. ಕೆಡುವುದು ಬದುವಿನಲ್ಲಿ: ಏಡಿ ಕೊರೆದ ಒಂದು ತೂತು ಸಾಕು, 200ರ ನೀರು ಸೊನ್ನೆಯ ತಾಕಿಗೆ ಇಳಿಯುತ್ತದೆ. ಸೊನ್ನೆ ತಾಕಿನ ಒಂದು ಅಂಚು ಮಾತ್ರ ಕಡು ಹಸುರಾದರೆ ಸೋರಿದೆ ಎಂದೇ ತಿಳಿಯಬೇಕು. ತಾಕಿನಿಂದ ತಾಕಿಗೆ ನೀರು ಬಿಡದೆ, ಬ್ಲಾಕಿಗೊಂದು ಕಾಲುವೆ ತೆಗೆಯಬೇಕು. ಕೊಯ್ಲಿನಲ್ಲಿ ಅಂಚಿನ ಸಾಲುಗಳನ್ನು ಬಿಟ್ಟು ಒಳಗಿನದನ್ನಷ್ಟೇ ತೂಗುವುದು.

ಲೆಕ್ಕಕ್ಕೆ ಉದಾಹರಣೆಯಾಗಿ ಹೆಕ್ಟೇರಿಗೆ ಸರಾಸರಿ ಇಳುವರಿ ಕ್ರಮವಾಗಿ 3.3, 4.7, 5.6, 5.9, 5.5 ಟನ್ ಎಂದಿಟ್ಟುಕೊಳ್ಳೋಣ. ವರ್ಗಮೊತ್ತ ಪ್ರಮಾಣಕ್ಕೆ 17.6, ಬ್ಲಾಕಿಗೆ 3.6, ದೋಷಕ್ಕೆ 2.4. ದೋಷದ ಸ್ವಾತಂತ್ರ್ಯ ಮಟ್ಟ 12, ಆದ್ದರಿಂದ ದೋಷದ ಸರಾಸರಿ ವರ್ಗ 0.20, ಪ್ರಮಾಣದ್ದು 17.6/4 = 4.4, F ಬೆಲೆ 4.4/0.20 = 22. ಶೇ. 5ರ ಮಟ್ಟದಲ್ಲಿ 3.26 ದಾಟಿದರೆ ಸಾಕಿತ್ತು. ಎರಡು ಸರಾಸರಿಗಳ ನಡುವೆ ಇರಬೇಕಾದ ಕನಿಷ್ಠ ಅಂತರ 0.69 ಟನ್. 50ಕ್ಕಿಂತ 100 ಮೇಲು, ಅಂತರ 0.9. 100ಕ್ಕೂ 150ಕ್ಕೂ 0.3 ಮಾತ್ರ, ಎರಡೂ ಒಂದೇ ಎಂದಲ್ಲ, ಈ ನಾಲ್ಕು ಬ್ಲಾಕುಗಳಿಂದ ಆ ಅಂತರ ಕಾಣದು ಎಂದಷ್ಟೇ ಅರ್ಥ.

ಅದೇ ಅಂಕಿಗಳಲ್ಲಿ ಬ್ಲಾಕನ್ನು ಬಿಟ್ಟು ಲೆಕ್ಕ ಹಾಕಿದರೆ ಬ್ಲಾಕಿನ 3.6 ದೋಷಕ್ಕೇ ಸೇರಿ, ದೋಷದ ಸರಾಸರಿ ವರ್ಗ 6.0/15 = 0.40ಕ್ಕೆ ಏರುತ್ತದೆ, ಕನಿಷ್ಠ ಅಂತರ 0.95 ಆಗುತ್ತದೆ, 50 ಮತ್ತು 100ರ ನಡುವಿನ 0.9 ಕೈತಪ್ಪುತ್ತದೆ.

ಕಂಪ್ಯೂಟರಿನಲ್ಲೂ ಇದೇ ನಷ್ಟ ಸದ್ದಿಲ್ಲದೆ ಆಗಬಹುದು. ಬ್ಲಾಕಿಗೆ 1, 2, 3, 4 ಎಂದೂ ಪ್ರಮಾಣಕ್ಕೆ 0, 50, 100 ಎಂದೂ ಬರೆದರೆ ಆರ್ ತಂತ್ರಾಂಶ ಅವನ್ನು ಅಳತೆ ಎಂದೇ ಓದುತ್ತದೆ. ಹೀಗೆ ಹೇಳಬೇಕು:

```
m <- aov(yield ~ factor(block) + factor(dose), data = d)
summary(m)
```

ಪಟ್ಟಿಯ Df ಕಾಲಮ್ಮಿನಲ್ಲಿ 3, 4, 12 ಬರಬೇಕು. 1, 1, 17 ಬಂದಿದ್ದರೆ F ನೋಡುವುದೇ ಬೇಡ, ಮೊದಲು `factor` ಹಾಕಿ.