ಬಕೆಟು ಬಿಸಿಯಾಗದ ದಿನ

ಬದಿಯಡ್ಕದ ಸುತ್ತಮುತ್ತಲಿನ ಅಡಿಕೆ ತೋಟಗಳಿಗೆ ಕೊಳೆರೋಗದ ಮದ್ದು ಬಿಡುವ ತಂಡ ನಮ್ಮದು. ಮರ ಹತ್ತುವವರು ಬೇರೆ. ಕೆಳಗೆ ನಿಂತು ಬೋರ್ಡೋ ಮದ್ದು ಕೂಡಿಸುವ ಕೆಲಸ ನನ್ನದು. ಒಂದು ಕಿಲೋ ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್, ಒಂದು ಕಿಲೋ ಸುಟ್ಟ ಸುಣ್ಣ, ನೂರು ಲೀಟರ್ ನೀರು. ಮೈಲುತುತ್ತನ್ನು 50 ಲೀಟರಿನಲ್ಲಿ ಕರಗಿಸಬೇಕು, ಸುಣ್ಣವನ್ನು ಉಳಿದ 50 ಲೀಟರಿನಲ್ಲಿ. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತಾ ಕಲಕಬೇಕು. ಮಳೆಗಾಲಕ್ಕೆ ಮೊದಲು ಒಂದು ಸಲ, ಸುಮಾರು 40–45 ದಿನ ಬಿಟ್ಟು ಇನ್ನೊಂದು ಸಲ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನು ನಾನು. ಬಹಿರುಷ್ಣಕ ಕ್ರಿಯೆ ಅಂದರೆ ಬಿಸಿ ಬಿಡುವುದು, ಅಂತರುಷ್ಣಕ ಅಂದರೆ ಬಿಸಿ ಎಳೆದುಕೊಳ್ಳುವುದು ಅಂತ ಪರೀಕ್ಷೆಯಲ್ಲಿ ಬರೆದಿದ್ದೆ. ಎಂಥಾಲ್ಪಿ ಅಂದರೆ ಏನು ಅಂತ ನಿಜವಾಗಿ ತಲೆಗೆ ಹೋದದ್ದು ಒಂದು ಮೇ ತಿಂಗಳ ಕೊನೆಯಲ್ಲಿ, ಸುಣ್ಣದ ಬಕೆಟಿನ ಎದುರು.

ಆ ದಿನ ಹಿಂದಿನ ವರ್ಷ ಉಳಿದಿದ್ದ ಸುಣ್ಣದ ಚೀಲವನ್ನೇ ಬಿಚ್ಚಿದ್ದೆ. ಚೀಲದ ಬಾಯಿ ಸಡಿಲವಾಗಿತ್ತು. ಹರಳು ಕಮ್ಮಿ, ಪುಡಿಯೇ ಜಾಸ್ತಿ. ಒಂದು ಕಿಲೋ ತೂಗಿ, ಅರಳಿಸಲು ಮೊದಲು ಹತ್ತು ಲೀಟರ್ ನೀರಿಗೆ ಹಾಕಿದೆ. ಸುಂಯ್ ಎಂಬ ಸದ್ದಿಲ್ಲ, ಹಬೆ ಇಲ್ಲ. ಮರ ಹತ್ತುವ ಅಣ್ಣ ಬಕೆಟು ಮುಟ್ಟಿ ನೋಡಿದರು. "ಇದೆಂತ ಮಾರಾಯ, ತಣ್ಣಗೇ ಉಂಟಲ್ಲ?" ಅಂದರು. ನಾನು ಗಮನ ಕೊಡಲಿಲ್ಲ. ಮದ್ದು ಕೂಡಿಸಿದ ಮೇಲೆ ಕಬ್ಬಿಣದ ಕತ್ತಿಯ ತುದಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದೆ. ಅಲಗಿನ ಮೇಲೆ ಕೆಂಪು ತಾಮ್ರ ಕೂತಿತ್ತು. ಸುಣ್ಣ ಸಾಲದೆ ತಾಮ್ರ ನೀರಿನಲ್ಲಿ ಬಿಡಿಯಾಗಿ ಉಳಿದಿದೆ ಅಂತ ಅದರ ಅರ್ಥ. ಅದನ್ನು ಹಾಗೇ ಬಿಟ್ಟರೆ ಎಳೆ ಕಾಯಿ, ಎಲೆ ಸುಟ್ಟ ಹಾಗೆ ಆಗುತ್ತದೆ. ಕತ್ತಿ ಕೆಂಪಾಗದಷ್ಟು ಸುಣ್ಣ ಸೇರಿಸುತ್ತಾ ಹೋದೆ. ಅರ್ಧ ದಿನ ಅಲ್ಲೇ ಹೋಯಿತು.

ಬಕೆಟು ಯಾಕೆ ತಣ್ಣಗಿತ್ತು? ಅದಕ್ಕೆ ಸುಣ್ಣದ ಗೂಡಿನಿಂದ ಲೆಕ್ಕ ಹಿಡಿಯಬೇಕು.

ನಮ್ಮ ಸುಣ್ಣ ಚಿಪ್ಪು ಸುಟ್ಟು ಮಾಡಿದ್ದು. ಚಿಪ್ಪು ಅಂದರೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಅದು ಒಡೆದು ಸುಟ್ಟ ಸುಣ್ಣವಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ. 100 ಗ್ರಾಂ ಕಾರ್ಬೊನೇಟಿನಿಂದ 56 ಗ್ರಾಂ ಸುಣ್ಣ ಸಿಗುತ್ತದೆ. ಅದಕ್ಕೆ ಸುಮಾರು 178 ಕಿಲೋಜೂಲ್ ಬಿಸಿ ಬೇಕು. ಇದು ಅಂತರುಷ್ಣಕ ಕ್ರಿಯೆ. ಗೂಡು ಕೆಂಪಗೆ ಉರಿಯುತ್ತಿರುತ್ತದೆ, ಮತ್ತೆ ಬಿಸಿ ಎಳೆದುಕೊಳ್ಳುವುದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಉರಿಯುವುದು ಇದ್ದಿಲು. ಚಿಪ್ಪು ಆ ಉರಿಯನ್ನು ತಿನ್ನುತ್ತಿರುತ್ತದೆ. ಅಂತರುಷ್ಣಕ ಅಂದರೆ ಮುಟ್ಟಿದರೆ ತಣ್ಣಗಿರಬೇಕು ಅಂತೇನಿಲ್ಲ. ಬಿಸಿ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಅನ್ನುವುದೇ ಮುಖ್ಯ.

ಈಗ ಅದೇ 56 ಗ್ರಾಂ ಸುಣ್ಣಕ್ಕೆ ನೀರು ಹಾಕಿದರೆ ಅರಳಿದ ಸುಣ್ಣವಾಗುತ್ತದೆ. ಆಗ ಸುಮಾರು 65 ಕಿಲೋಜೂಲ್ ಹೊರಗೆ ಬರುತ್ತದೆ. ಇದು ಬಹಿರುಷ್ಣಕ. ಅರಳಿದ ಸುಣ್ಣವನ್ನು ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ತಿರುಗಿ ಕಾರ್ಬೊನೇಟ್ ಆಗುತ್ತದೆ. ಆಗ ಇನ್ನೂ 113 ಕಿಲೋಜೂಲ್ ಹೊರಗೆ. 65 ಮತ್ತು 113 ಕೂಡಿಸಿ ನೋಡಿ. 178! ಗೂಡಿನಲ್ಲಿ ತಿಂದಷ್ಟನ್ನೂ ಸುಣ್ಣ ತಿರುಗಿ ಕೊಟ್ಟಿದೆ.

ಎಂಥಾಲ್ಪಿ ಅಂದರೆ ಈ ಲೆಕ್ಕವೇ. ಬಾಯಿ ತೆರೆದ ಪಾತ್ರೆಯಲ್ಲಿ, ಅಂದರೆ ಗಾಳಿಯ ಒತ್ತಡ ಬದಲಾಗದೆ ಇರುವಾಗ, ಒಂದು ವಸ್ತು ಎಷ್ಟು ಬಿಸಿ ಒಳಗೆ ತೆಗೆದುಕೊಂಡಿತು ಅಥವಾ ಹೊರಗೆ ಬಿಟ್ಟಿತು ಅನ್ನುವುದು ಅದರ ಎಂಥಾಲ್ಪಿಯ ವ್ಯತ್ಯಾಸ. ಬರೆಯುವಾಗ ΔH ಅಂತ ಬರೆಯುತ್ತಾರೆ. ಒಳಗೆ ಹೋದರೆ ಕೂಡುವ ಗುರುತು, ಹೊರಗೆ ಬಂದರೆ ಕಳೆಯುವ ಗುರುತು. ಗೂಡಿನಲ್ಲಿ ಹೊರಡುವ ಅನಿಲ ಸುತ್ತಲಿನ ಗಾಳಿಯನ್ನು ತಳ್ಳಿ ಜಾಗ ಮಾಡಿಕೊಳ್ಳಬೇಕಲ್ವಾ, ಆ ದುಡಿಮೆಯೂ ಇದರಲ್ಲೇ ಸೇರಿದೆ. 178ರಲ್ಲಿ ಅದು ಸುಮಾರು 2.5 ಮಾತ್ರ. ಸುಣ್ಣದ ಒಳಗೆ ಒಟ್ಟು ಎಷ್ಟು ಎಂಥಾಲ್ಪಿ ಇದೆ ಅಂತ ಯಾರೂ ಅಳೆಯುವುದಿಲ್ಲ. ಮೊದಲಿಗೂ ಆಮೇಲಿಗೂ ಎಷ್ಟು ವ್ಯತ್ಯಾಸ ಅನ್ನುವುದನ್ನಷ್ಟೇ ಅಳೆಯುತ್ತೇವೆ. ಯಾವ ದಾರಿಯಲ್ಲಿ ಹೋದರೂ, ಬೇಗ ಹೋದರೂ ನಿಧಾನ ಹೋದರೂ ಆ ವ್ಯತ್ಯಾಸ ಅಷ್ಟೇ.

ನನ್ನ ಹಳೇ ಚೀಲದಲ್ಲಿ ಆದದ್ದು ಅದೇ. ಒಂದು ಮಳೆಗಾಲವಿಡೀ ಗಾಳಿಯ ತೇವ ಕುಡಿದು, ಕಾರ್ಬನ್ ಡೈಆಕ್ಸೈಡ್ ಹೀರಿ, ಸುಣ್ಣ ತನ್ನ ಬಿಸಿಯನ್ನು ಸ್ವಲ್ಪ ಸ್ವಲ್ಪವೇ ಕೊಟ್ಟು ಮುಗಿಸಿತ್ತು. ತಿಂಗಳುಗಟ್ಟಲೆ ಹರಡಿ ಹೋದ ಬಿಸಿ ಯಾರ ಕೈಗೂ ತಾಗಲಿಲ್ಲ. ಬಕೆಟಿಗೆ ಹಾಕುವ ಹೊತ್ತಿಗೆ ಕೊಡಲು ಹೆಚ್ಚೇನೂ ಉಳಿದಿರಲಿಲ್ಲ.

ಈಗ ನಾನು ಹೊಸ ಚೀಲ ಬಿಚ್ಚಿದ ಕೂಡಲೇ ಅರ್ಧ ಕಿಲೋ ಸುಣ್ಣವನ್ನು 5 ಲೀಟರ್ ನೀರಿಗೆ ಹಾಕಿ ಥರ್ಮಾಮೀಟರ್ ಇಡುತ್ತೇನೆ. ಅರ್ಧ ಕಿಲೋದಿಂದ ಬರಬೇಕಾದದ್ದು ಸುಮಾರು 580 ಕಿಲೋಜೂಲ್. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.2 ಬೇಕು, 5 ಲೀಟರಿಗೆ 21. ಹಾಗಾಗಿ ಸುಮಾರು 28 ಡಿಗ್ರಿ ಏರಬೇಕು. ಪಾತ್ರೆ, ಗಾಳಿ ಸ್ವಲ್ಪ ತಿನ್ನುತ್ತವೆ, ಸುಣ್ಣವೂ ಪೂರ್ತಿ ಶುದ್ಧ ಇರುವುದಿಲ್ಲ. ಒಳ್ಳೆ ಸುಣ್ಣದಲ್ಲಿ 27 ಡಿಗ್ರಿಯ ನೀರು 50ರ ತನಕ ಹೋಗುತ್ತದೆ. ಆ ಹಳೇ ಚೀಲದ್ದು 34ಕ್ಕೆ ನಿಂತಿತು. ಸುಟ್ಟ ಸುಣ್ಣವಾಗಿ ಉಳಿದದ್ದು ಮೂರನೇ ಒಂದು ಪಾಲೂ ಇಲ್ಲ ಅಂತಾಯಿತು.

ಬಿಸಿ ಒಂದನ್ನೇ ನಂಬಬಾರದು. ಗೂಡಿನಲ್ಲಿ ಅತಿಯಾಗಿ ಸುಟ್ಟ ಸುಣ್ಣ ನಿಧಾನವಾಗಿ ಅರಳುತ್ತದೆ. ಮೊದಲ ಹತ್ತು ನಿಮಿಷ ಸುಮ್ನೆ ಇದ್ದು, ಆಮೇಲೆ ಬಿಸಿಯಾಗಬಹುದು. ಎಷ್ಟು ಬಿಸಿ ಅಂತ ಎಂಥಾಲ್ಪಿ ಹೇಳುತ್ತದೆ, ಎಷ್ಟು ಹೊತ್ತಿಗೆ ಅಂತ ಹೇಳುವುದಿಲ್ಲ. ಇನ್ನು ಅಂಗಡಿಯಲ್ಲಿ ಪ್ಯಾಕೆಟಿನಲ್ಲಿ ಸಿಗುವ ಅರಳಿದ ಸುಣ್ಣದ ಪುಡಿ ಬಿಸಿಯೇ ಆಗುವುದಿಲ್ಲ. ಆದರೂ ಅದು ಮದ್ದಿಗೆ ಆಗುತ್ತದೆ. ಅದರ ತೂಕದಲ್ಲಿ ನೀರೂ ಸೇರಿರುವುದರಿಂದ ಒಂದು ಕಿಲೋ ಸುಟ್ಟ ಸುಣ್ಣದ ಬದಲಿಗೆ ಸುಮಾರು 1.3 ಕಿಲೋ ಬೇಕು ಅಷ್ಟೇ. ಕೆಲಸಕ್ಕೆ ಬಾರದ್ದು ಕಾರ್ಬೊನೇಟ್ ಆದ ಸುಣ್ಣ. ಚಿಟಿಕೆ ಪುಡಿಗೆ ವಿನೆಗರ್ ಹಾಕಿದರೆ ಅದು ನೊರೆ ಬಿಡುತ್ತದೆ. ತಣ್ಣಗೂ ಇದ್ದು ಜೋರಾಗಿ ನೊರೆಯೂ ಬಂದರೆ ನಾನು ಆ ಚೀಲವನ್ನು ಮದ್ದಿಗೆ ಬಳಸುವುದಿಲ್ಲ.

ಇದೇ ಲೆಕ್ಕ ಗೊತ್ತಿಲ್ಲದೆ ಅದಕ್ಕೂ ಮೊದಲು ನಾನೊಂದು ತಪ್ಪು ಮಾಡಿದ್ದೆ. ಹೊಸ ಸುಣ್ಣ ಒಂದು ಕಿಲೋಗೆ ನಾಲ್ಕೇ ಲೀಟರ್ ನೀರು ಹಾಕಿದ್ದೆ. 1,160 ಕಿಲೋಜೂಲ್ ನಾಲ್ಕು ಲೀಟರಿಗೆ ಹಂಚಿದರೆ 69 ಡಿಗ್ರಿ ಏರುತ್ತದೆ. 28ರ ನೀರು 97ಕ್ಕೆ. ಹರಳಿನ ಸುತ್ತ ಇನ್ನೂ ಜಾಸ್ತಿ. ಕುದಿದು ಸಿಡಿದ ಸುಣ್ಣ ಕಣ್ಣಿನ ಕೆಳಗೆ ಬಿತ್ತು. ಕೂಡಲೇ ತುಂಬ ಹೊತ್ತು ನೀರಿನಲ್ಲಿ ತೊಳೆದದ್ದರಿಂದ ಕಣ್ಣು ಉಳಿಯಿತು. ಈಗ ಹತ್ತು ಲೀಟರಿಗಿಂತ ಕಡಿಮೆ ಇಲ್ಲ, ಕನ್ನಡಕ ಇಲ್ಲದೆ ಇಲ್ಲ, ಮುಚ್ಚಳ ಹಾಕುವುದಂತೂ ಇಲ್ಲವೇ ಇಲ್ಲ. ಸುಣ್ಣದ ನೀರು ಪೂರ್ತಿ ತಣಿದ ಮೇಲೆಯೇ ಮೈಲುತುತ್ತು ಸೇರಿಸುತ್ತೇನೆ.

ತಂಡದ ಹೊಸ ಹುಡುಗರಿಗೆ ಎರಡು ಬಕೆಟು ಒಟ್ಟಿಗೆ ಇಟ್ಟು ತೋರಿಸುತ್ತೇನೆ. ಒಂದರಲ್ಲಿ ಸುಣ್ಣ, ಇನ್ನೊಂದರಲ್ಲಿ ಹತ್ತು ಲೀಟರಿಗೆ ಒಂದು ಕಿಲೋ ಯೂರಿಯಾ. ಯೂರಿಯಾದ ಬಕೆಟು ಐದಾರು ಡಿಗ್ರಿ ಇಳಿದು ಹೊರಗೆ ಬೆವರುತ್ತದೆ. "ಯೂರಿಯಾ ತಂಪು ಬಿಡುತ್ತದೆ" ಅನ್ನುತ್ತಾರೆ ಹುಡುಗರು. ತಂಪು ಅನ್ನುವ ವಸ್ತು ಬೇರೆ ಇಲ್ಲ. ಹರಳು ಬಿಡಿಸಿಕೊಳ್ಳಲು ಬೇಕಾದ ಬಿಸಿಯನ್ನು ಅದು ನೀರಿನಿಂದ ಎಳೆದುಕೊಂಡಿತು, ನೀರು ತಣ್ಣಗಾಯಿತು. ಕೈ ಇಟ್ಟು ನೋಡಿದರೆ ಅವರಿಗೆ ಬೇಗ ಗೊತ್ತಾಗುತ್ತದೆ.

ಅಂದಹಾಗೆ, ಆ ಹಳೇ ಚೀಲವನ್ನು ನಾವು ಬಿಸಾಡಲಿಲ್ಲ. ನಮ್ಮ ಕಡೆಯದು ಹುಳಿ ಮಣ್ಣು. ಕಾರ್ಬೊನೇಟ್ ಆದ ಸುಣ್ಣವೂ ಮಣ್ಣಿನ ಹುಳಿ ಕಮ್ಮಿ ಮಾಡುತ್ತದೆ. ಅಡಿಕೆ ಮರಗಳ ಬುಡಕ್ಕೆ ಚೆಲ್ಲಿದೆವು.