ಲಗ್ನಪತ್ರಿಕೆಯ ಎರಡು ಮಗ್ಗುಲು

‘ಫಾರಿನ್‌ನಲ್ಲಿರೋ ನೆಂಟರಿಗೆ ಲಗ್ನಪತ್ರಿಕೆ ಬರೆಸಬೇಕು. ಶಾಸ್ತ್ರದ ಮಾತು ಬಿಟ್ಟರೆ ದೊಡ್ಡವರು ಬೇಜಾರಾಗ್ತಾರೆ, ಇಟ್ಟರೆ ಅಲ್ಲಿನ ಮಕ್ಕಳಿಗೆ ಅರ್ಥ ಆಗಲ್ಲ. ಏನು ಮಾಡೋದು?’

ಕನ್ನಡದ ಮಗ್ಗುಲನ್ನು ಸಾಲು ಸಾಲಾಗಿ ಇಂಗ್ಲಿಷಿಗೆ ತಿರುಗಿಸಬೇಡಿ. ಕನ್ನಡದ್ದು ಅರಿಶಿನ ಹಚ್ಚಿ ದೇವರ ಮುಂದೆ ಇಡುವ ಪತ್ರಿಕೆ. ಅದರಲ್ಲಿ ದೇವರ ಹೆಸರು, ಸಂವತ್ಸರ, ತಿಥಿ, ಅಜ್ಜ ಅಜ್ಜಿಯರ ಹೆಸರು ಏನೊಂದೂ ಕಡಿಮೆಯಾಗದಿರಲಿ. ಇಂಗ್ಲಿಷಿನದ್ದನ್ನು ಓದುವವರು ಅದನ್ನು ನೋಡಿಕೊಂಡೇ ವಿಮಾನದ ಟಿಕೆಟ್ ತೆಗೆಸುತ್ತಾರೆ. ಎರಡರ ಕೆಲಸವೇ ಬೇರೆ.

ನಿಜವಾದ ತೊಂದರೆ ಬರುವುದು ಮುಹೂರ್ತದ ಸಾಲಿನಲ್ಲಿ. ಒಂದು ಉದಾಹರಣೆ ನೋಡೋಣ. ‘ಪರಾಭವ ನಾಮ ಸಂವತ್ಸರದ ವೈಶಾಖ ಬಹುಳ ಬಿದಿಗೆ, ತಾ. 3-5-2026ನೇ ಭಾನುವಾರ ಬೆಳಿಗ್ಗೆ 9.30ರಿಂದ 10.30ರವರೆಗೆ ಸಲ್ಲುವ ಶುಭ ಮಿಥುನ ಲಗ್ನದಲ್ಲಿ...’ ನಮಗೆ ಇದರಲ್ಲಿ ಏನೂ ಗೊಂದಲ ಇಲ್ಲ. ಆದರೆ 3-5 ಅಂದರೆ ಅಮೆರಿಕದಲ್ಲಿ ಬೆಳೆದ ಹುಡುಗನಿಗೆ ಮಾರ್ಚ್ ಐದು. ಅಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ. ಹಾಗಾಗಿ ಇಂಗ್ಲಿಷಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲೇ ಹಾಕಿಸಿ, ಪಕ್ಕದಲ್ಲಿ ವಾರವೂ ಇರಲಿ.

ಇನ್ನು ಆ ಒಂದು ಗಂಟೆ. ಅಲ್ಲಿಯವರು ಅದನ್ನು ಕಾರ್ಯಕ್ರಮ ಶುರುವಾಗಿ ಮುಗಿಯುವ ಹೊತ್ತು ಅಂತ ಓದುತ್ತಾರೆ. ಹತ್ತು ಗಂಟೆಗೆ ಬಂದರೂ ಅರ್ಧ ಮದುವೆ ಸಿಗುತ್ತೆ ಅನ್ನುವ ಲೆಕ್ಕ. ಅಷ್ಟೊತ್ತಿಗೆ ಧಾರೆ ಎರೆದು, ತಾಳಿ ಕಟ್ಟಿ ಆಗಿರಬಹುದು. ಲಗ್ನ ಅಂದರೆ ಆ ಶಾಸ್ತ್ರ ಆಗಬೇಕಾದ ಅವಧಿ ಅಷ್ಟೇ, ಅದರೊಳಗೆ ಯಾವ ಗಳಿಗೆಯಲ್ಲಾದರೂ ಆಗಬಹುದು. ಅದಕ್ಕೇ ಇಂಗ್ಲಿಷಿನಲ್ಲಿ ಲಗ್ನದ ಹೊತ್ತಿನ ಜೊತೆಗೆ ‘ದಯವಿಟ್ಟು ಒಂಬತ್ತರೊಳಗೆ ಬಂದು ಕೂತಿರಿ, ಊಟ ಹನ್ನೆರಡರಿಂದ’ ಅನ್ನುವ ಅರ್ಥದ ಒಂದು ಸಾಲು ಬೇಕು. ರಾಶಿಯ ಹೆಸರು ಅಲ್ಲಿ ಬೇಡ. ಕನ್ನಡದಲ್ಲಿ ಇದೆಯಲ್ಲ.

ಬೆಳಗಿನ ಜಾವದ ಮುಹೂರ್ತವಾದರೆ ಇನ್ನೂ ಹುಷಾರಾಗಿರಬೇಕು. ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರುವಾಗುತ್ತೆ, ಮಧ್ಯರಾತ್ರಿಗಲ್ಲ. ಭಾನುವಾರ ಬೆಳಗಿನ ಜಾವ 4.30ರ ಲಗ್ನವನ್ನು ಪುರೋಹಿತರು ಶನಿವಾರದ್ದೇ ಅಂತ ಬರೆದುಕೊಡಬಹುದು. ‘ಶನಿವಾರ ರಾತ್ರಿ, ಬೆಳಗಾದರೆ ಭಾನುವಾರ’ ಅಂದರೆ ನಮ್ಮ ಅಜ್ಜಿಗೆ ತಟ್ಟನೆ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಶನಿವಾರ ಅಂತ ಹಾಕಿದಿರೋ, ನೆಂಟರು ಒಂದು ದಿನ ಮೊದಲೇ ಬಂದು ಖಾಲಿ ಛತ್ರದ ಬಾಗಿಲು ತಟ್ಟುತ್ತಾರೆ. ಅಲ್ಲಿ ಕ್ಯಾಲೆಂಡರಿನ ಭಾನುವಾರವೇ ಇರಬೇಕು.

ಆರತಕ್ಷತೆಯದು ಇನ್ನೊಂದು ಕಥೆ. ನಮ್ಮ ಕಡೆ ಎಷ್ಟೋ ಮದುವೆಗಳಲ್ಲಿ ಅದು ಹಿಂದಿನ ದಿನ ಸಂಜೆಯೇ ನಡೆಯುತ್ತದೆ. ಹೊರಗಿನವರ ತಲೆಯಲ್ಲಿ ರಿಸೆಪ್ಷನ್ ಅಂದರೆ ಮದುವೆ ಆದಮೇಲೆ. ಕಾರ್ಡಿನಲ್ಲಿ ಮುಹೂರ್ತ ಮೇಲೆ, ಆರತಕ್ಷತೆ ಕೆಳಗೆ ಇದ್ದರಂತೂ ಆ ನಂಬಿಕೆ ಗಟ್ಟಿಯಾಗುತ್ತದೆ. ಇಂಗ್ಲಿಷ್ ಮಗ್ಗುಲಲ್ಲಿ ಮಾತ್ರ ನಡೆಯುವ ಕ್ರಮದಲ್ಲೇ ಹಾಕಿಸಿ: ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ ಧಾರೆ. ಮುಹೂರ್ತ ಮೇಲೇ ಇರಬೇಕು ಅಂತ ಹಿರಿಯರು ಹಟ ಹಿಡಿದರೆ ಕನ್ನಡದಲ್ಲಿ ಹಾಗೇ ಬಿಡಿ. ಜಗಳ ಯಾಕೆ ಸುಮ್ನೆ?

ಬರಲಾಗದವರು ಲೈವ್‌ನಲ್ಲಿ ನೋಡುತ್ತಾರೆ ಅಲ್ವಾ, ಅವರಿಗೆ ‘ಭಾರತದ ಸಮಯ’ ಅಂತ ಬರೆದರೆ ಸಾಲದು. ಮೇಲಿನ ಮುಹೂರ್ತ ಲಂಡನ್ನಿನಲ್ಲಿ ಭಾನುವಾರ ಬೆಳಿಗ್ಗೆ 5 ಗಂಟೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶನಿವಾರ ರಾತ್ರಿ 9. ದಿನವೇ ಬೇರೆ. ಅಲ್ಲೆಲ್ಲ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಹಾಗಾಗಿ ಹೋದ ಚಳಿಗಾಲದ ಮದುವೆಯ ಲೆಕ್ಕ ಈಗ ನಡೆಯಲ್ಲ. ಆದರೆ ಇದನ್ನೆಲ್ಲ ಕಾರ್ಡಿಗೆ ತುರುಕಬೇಡಿ. ಲಿಂಕ್ ಕಳಿಸುವಾಗ ಆಯಾ ಊರಿನ ದಿನ, ಹೊತ್ತು ಬರೆದು ಕಳಿಸಿ.

‘ಸಕುಟುಂಬ ಸಪರಿವಾರ’ದ ಮಾತೂ ಹಾಗೆಯೇ. ಅಲ್ಲಿನ ಪದ್ಧತಿಯಲ್ಲಿ ಹೆಸರಿದ್ದವರಿಗಷ್ಟೇ ಕರೆ. ಮಗಳ ಗಂಡ ವಿದೇಶದವನಾದರೆ ತನ್ನನ್ನು ಕರೆದಿಲ್ಲ ಅಂದುಕೊಂಡಾನು. ಕಾರ್ಡಿನ ಜೊತೆ ಹೋಗುವ ಮೆಸೇಜಿನಲ್ಲಿ ಅವನ ಹೆಸರು, ಮಕ್ಕಳ ಹೆಸರು ಹಿಡಿದು ಕರೆಯಿರಿ.

ಹಿರಿಯರಿಗೆ ಮಾತ್ರ ಮೊದಲು ಫೋನು, ಆಮೇಲೆ ಪಿಡಿಎಫ್. ‘ವಾಟ್ಸಾಪಿನಲ್ಲಿ ಎಸೆದುಬಿಟ್ಟರು’ ಅನ್ನುವ ಮಾತು ಬಂದರೆ, ಪತ್ರಿಕೆಯಲ್ಲಿ ಎಷ್ಟು ವಿನಯದ ಸಾಲು ಹಾಕಿಸಿದ್ದರೂ ಅವರಿಗೆ ಸಮಾಧಾನ ಆಗಲ್ಲ.

ಪ್ರಿಂಟಿಗೆ ಕೊಡುವ ಮೊದಲು ಇಂಗ್ಲಿಷ್ ಮಗ್ಗುಲನ್ನು ಅಲ್ಲೇ ಹುಟ್ಟಿ ಬೆಳೆದ ಒಬ್ಬ ಹುಡುಗನಿಗೋ ಹುಡುಗಿಗೋ ಕಳಿಸಿ. ‘ಚೆನ್ನಾಗಿದೆಯಾ’ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ‘ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿಗೆ ಬರ್ತೀಯಾ’ ಅಂತ ಕೇಳಿ.